ಹೊಸ ಮನೆಯ ತೇವ, ಮರದ ನೆಲ: ಕಾಯುವುದಾ, ಯಂತ್ರ ಇಟ್ಟು ಒಣಗಿಸುವುದಾ, ತಡೆ ಬಳಿಯುವುದಾ?

ನೆಲ ಬೆಳ್ಳಗಾಗಿತ್ತು. ಕೈ ಇಟ್ಟರೆ ಧೂಳು ಅಂಟುತ್ತಿತ್ತೇ ಹೊರತು ತೇವ ಅನ್ನುವುದೇ ಇರಲಿಲ್ಲ. ಬಡಗಿ ಬಂದು ಒಂದು ಸುತ್ತು ನಡೆದರು. "ಚೆನ್ನಾಗಿ ಒಣಗಿದೆ ಸಾರ್, ನಾಳೆಯಿಂದ ಹಲಗೆ ಕೂರಿಸೋಣ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಸುಮ್ನೆ ನೋಡೋಣ ಅಂತ ಗಾಳಿಯ ತೇವ ತೋರಿಸುವ ಒಂದು ಪುಟ್ಟ ಡಿಜಿಟಲ್ ಮೀಟರನ್ನು ನೆಲದ ಮೇಲಿಟ್ಟೆ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿ, ಸುತ್ತ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಒತ್ತಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಕೋಣೆಯ ಗಾಳಿಯಲ್ಲಿ ತೇವ 64%, ಡಬ್ಬಿಯ ಒಳಗೆ 91%.

ಅಂದರೆ ಒಣಗಿದ್ದು ನೆಲದ ಚರ್ಮ ಮಾತ್ರ. ಒಳಗೆ ಇನ್ನೂ ನೀರಿತ್ತು. ಅವತ್ತು ಹಲಗೆ ಕೂರಿಸಿದ್ದರೆ ಆ ನೀರಿಗೆ ಹೋಗಲು ಉಳಿಯುತ್ತಿದ್ದ ದಾರಿ ಒಂದೇ, ಮರದ ಒಳಕ್ಕೆ.

ಹೊಸ ಮನೆಗೆ ಮರದ ನೆಲ ಹಾಕಿಸುವವರು ಯಾವ ಮರ, ಯಾವ ಬಣ್ಣ, ಎಷ್ಟು ಅಗಲದ ಹಲಗೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ತೀರ್ಮಾನ ಆಗಬೇಕಾದದ್ದು ಬೇರೆ ಇದೆ. ನೆಲ ತಾನಾಗಿ ಒಣಗುವ ತನಕ ಕಾಯುತ್ತೀರಾ, ಯಂತ್ರ ಇಟ್ಟು ಒಣಗಿಸುತ್ತೀರಾ, ತೇವ ಮೇಲೆ ಬರದ ಹಾಗೆ ತಡೆ ಬಳಿಯುತ್ತೀರಾ, ಅಥವಾ ತೇವ ತಡೆಯುವ ಬೇರೆ ನೆಲಕ್ಕೆ ಹೋಗುತ್ತೀರಾ? ಈ ನಾಲ್ಕನ್ನು ಹೋಲಿಸುವ ಮುಂಚೆ ಆ ನೀರು ಎಲ್ಲಿಂದ ಬಂತು, ಎಷ್ಟಿದೆ ಅಂತ ಗೊತ್ತಿರಬೇಕು.

## ಒಂದು ಕೋಣೆಯಲ್ಲಿ ಎಷ್ಟು ನೀರು?

ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಒಂದು ಕೋಣೆ ಅಂದುಕೊಳ್ಳಿ. ನನ್ನದೂ ಹೆಚ್ಚು ಕಡಿಮೆ ಅಷ್ಟೇ. ಸ್ಲ್ಯಾಬ್ ಮೇಲೆ ಮಟ್ಟ ಮಾಡಲು ಸಿಮೆಂಟ್, ಮರಳಿನ ಗಾರೆ ಪದರ ಹಾಕುತ್ತಾರಲ್ಲ, ಅದು 65 ಮಿಲಿಮೀಟರ್ ದಪ್ಪ ಇತ್ತು. ಅದಕ್ಕೆ ಸುಮಾರು ಆರು ಚೀಲ, ಅಂದರೆ 300 ಕಿಲೋ ಸಿಮೆಂಟ್ ಬೇಕು. ನೀರು ಅದರ ಅರ್ಧದಷ್ಟು, 150 ಲೀಟರ್. ಸಿಮೆಂಟ್ ಗಟ್ಟಿಯಾಗುವಾಗ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರನ್ನು ತನ್ನೊಳಗೆ ಕಟ್ಟಿ ಹಾಕಿಕೊಳ್ಳುತ್ತದೆ. ಆ ನೀರು ಮತ್ತೆ ಹೊರಗೆ ಬರುವುದಿಲ್ಲ. ಮಿಕ್ಕ 75 ಲೀಟರ್ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತಿರುತ್ತದೆ. ಗಾರೆ ಕಲಸಿ ಹರಡಲು ಸುಲಭ ಆಗಲಿ ಅಂತ ಹಾಕಿದ ನೀರು ಅದು. ಅದರಲ್ಲಿ ಸ್ವಲ್ಪ ಯಾವತ್ತೂ ಅಲ್ಲೇ ಇರುತ್ತದೆ. ಹೆಚ್ಚಿನ ಪಾಲು ಆವಿಯಾಗಿ ಹೋಗಲೇಬೇಕು. ಕ್ಯೂರಿಂಗ್‌ಗೆ ದಿನಾ ಸುರಿದ ನೀರು ಈ ಲೆಕ್ಕದಲ್ಲಿ ಇಲ್ಲ.

ಈಗ ಗೋಡೆ ನೋಡಿ. ಮೂರು ಮೀಟರ್ ಎತ್ತರದ ನಾಲ್ಕೂ ಗೋಡೆಗೆ 15 ಮಿಲಿಮೀಟರ್ ಪ್ಲಾಸ್ಟರಿಂಗ್ ಮಾಡಿದರೆ, ಬಾಗಿಲು ಕಿಟಕಿ ಕಳೆದರೂ, ನೆಲಕ್ಕೆ ಹಾಕಿದ್ದರ ಸುಮಾರು ಮುಕ್ಕಾಲು ಪಾಲು ಗಾರೆ ಹೋಗುತ್ತದೆ. ಅದರ ಹಿಂದೆ ನೀರು ಕುಡಿದ ಇಟ್ಟಿಗೆ ಅಥವಾ ಬ್ಲಾಕ್ ಬೇರೆ. ಹಗುರವಾದ ಎಎಸಿ ಬ್ಲಾಕ್ ಆದರೆ ಕಾರ್ಖಾನೆಯಿಂದ ಬರುವಾಗಲೇ ಸಾಕಷ್ಟು ನೀರು ಹೊತ್ತು ಬಂದಿರುತ್ತದೆ.

ಇಷ್ಟೆಲ್ಲ ನೀರು ಹೊರಗೆ ಹೋಗಬೇಕಾದದ್ದು ಕೋಣೆಯ ಗಾಳಿಯ ಮೂಲಕ. ಆ ಗಾಳಿಯ ಶಕ್ತಿ ಎಷ್ಟು ಗೊತ್ತಾ? 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಹೆಚ್ಚೆಂದರೆ 23 ಗ್ರಾಂ ನೀರು. ಮೀಟರಿನಲ್ಲಿ 100% ತೇವ ಅಂದರೆ ಅದೇ. ನಮ್ಮ ಕೋಣೆಯ 36 ಘನ ಮೀಟರ್ ಗಾಳಿ ಪೂರ್ತಿ ತುಂಬಿಕೊಂಡರೂ ಒಂದು ಲೀಟರ್ ಆಗುವುದಿಲ್ಲ! ಹೊರಗಿನ ಗಾಳಿ 60% ತೇವದೊಂದಿಗೆ ಒಳಗೆ ಬಂದು 85% ಆಗಿ ಹೊರಗೆ ಹೋಯಿತು ಅಂದುಕೊಳ್ಳೋಣ. ಒಂದು ಸಲ ಕೋಣೆಯ ಗಾಳಿ ಪೂರ್ತಿ ಬದಲಾದರೆ ಸುಮಾರು 200 ಗ್ರಾಂ ನೀರು ಹೋಯಿತು, ಒಂದು ಲೋಟದಷ್ಟು. ನೆಲದ ನೀರು ಹೊರಗೆ ಹಾಕಲಿಕ್ಕೇ ಹೀಗೆ ನೂರಾರು ಸಲ ಗಾಳಿ ಬದಲಾಗಬೇಕು. ಕಿಟಕಿ ಮುಚ್ಚಿಟ್ಟ ಹೊಸ ಮನೆ ಯಾಕೆ ಮುಗ್ಗಲು ವಾಸನೆ ಹೊಡೆಯುತ್ತದೆ, ಹೊಸ ಬೀರುವಿನ ಹಿಂದೆ ಯಾಕೆ ಬೂಷ್ಟು ಬರುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ.

ಕಿಟಕಿ ತೆರೆದಿಟ್ಟರೆ ಯಾವಾಗಲೂ ಒಳ್ಳೆಯದೇ ಅಂತಲೂ ಅಲ್ಲ. ಮಳೆ ಹಿಡಿದ ದಿನ ಹೊರಗಿನ 25 ಡಿಗ್ರಿಯ ಗಾಳಿಯಲ್ಲಿ 90% ತೇವ ಇದ್ದರೆ ಅದರ ಒಂದು ಘನ ಮೀಟರ್‌ನಲ್ಲಿ ಸುಮಾರು 21 ಗ್ರಾಂ ನೀರಿರುತ್ತದೆ. ಒಳಗಿನ ನೆಲ 22 ಡಿಗ್ರಿ ತಣ್ಣಗಿದ್ದರೆ ಅದರ ಹತ್ತಿರದ ಗಾಳಿ ಹಿಡಿಯುವುದು 19 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ನೆಲದ ಮೇಲೆ ಬೆವರಿನ ಹಾಗೆ ಕೂರುತ್ತದೆ. ಅಂಥ ದಿನ ಕಿಟಕಿ ತೆರೆದರೆ ನೀವು ನೆಲವನ್ನು ಒದ್ದೆ ಮಾಡುತ್ತಿದ್ದೀರಿ.

## ಇದು ಹೊಸ ಮನೆಯ ತೇವವೇನಾ, ಅಥವಾ ಬೇರೆ ಕಾಯಿಲೆಯಾ?

ಕಾಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಸೋರುವ ಪೈಪ್ ಕಾದರೆ ಒಣಗುವುದಿಲ್ಲ.

ಕಟ್ಟುವಾಗ ಸೇರಿದ ನೀರಾದರೆ ತೇವ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ತರ ಇರುತ್ತದೆ. ತಿಂಗಳಿಂದ ತಿಂಗಳಿಗೆ ಕಮ್ಮಿಯಾಗುತ್ತಾ ಹೋಗುತ್ತದೆ. ಒಂದೇ ಜಾಗದಲ್ಲಿ ಕಲೆ ಇದ್ದು, ಅದರ ಅಂಚು ಹರಡುತ್ತಿದ್ದರೆ ಸೋರಿಕೆ. ನೆಲದಿಂದ ಮೇಲಕ್ಕೆ ಒಂದು ಮೀಟರ್ ಒಳಗೆ ಅಡ್ಡಗೆರೆ ಎಳೆದ ಹಾಗೆ ಕಲೆ ನಿಂತು, ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಮಣ್ಣಿನ ತೇವ ತಳಪಾಯದಿಂದ ಹತ್ತುತ್ತಿರಬಹುದು. ಹೊಸ ಗೋಡೆಯಲ್ಲೂ ಮೊದಲ ತಿಂಗಳುಗಳಲ್ಲಿ ಬಿಳಿ ಉಪ್ಪು ಬರುತ್ತದೆ. ಒಳಗಿನ ನೀರು ಹೊರಗೆ ಬರುವಾಗ ಉಪ್ಪನ್ನೂ ತಂದು ಬಿಟ್ಟು ಹೋಗುತ್ತದೆ, ಅಷ್ಟೇ. ಅದನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆಯಬೇಡಿ. ಉಜ್ಜಿದ ಮೇಲೆ ಪ್ರತಿ ಸಲ ಕಮ್ಮಿಯಾಗುತ್ತಿದ್ದರೆ ಚಿಂತೆ ಇಲ್ಲ. ಒಂದೇ ಜಾಗದಲ್ಲಿ ಅಷ್ಟೇ ಪ್ರಮಾಣದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲಿಗೆ ಎಲ್ಲಿಂದಲೋ ಹೊಸ ನೀರು ಬರುತ್ತಿದೆ.

## ಗೋಡೆ ಒಣಗಲು ಎಷ್ಟು ದಿನ?

ಕೆಲಸದವರು ಹೇಳುವ ಹಳೆಯ ಲೆಕ್ಕ ಒಂದಿದೆ: ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು. ಅದರ ಪ್ರಕಾರ ನಾಲ್ಕೂವರೆ ಇಂಚಿನ ಗೋಡೆಗೆ ನಾಲ್ಕೈದು ತಿಂಗಳು, ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಅಂದಾಜಿಗೆ ಇದು ಸಾಕು. ಆದರೆ ಒಣಗುವುದು ಹೀಗೆ ಸಮನಾಗಿ ನಡೆಯುವುದಿಲ್ಲ. ಮೊದಲ ಹಂತದಲ್ಲಿ ಮೇಲ್ಮೈ ಒದ್ದೆಯಾಗಿರುತ್ತದೆ. ಒಳಗಿನ ನೀರು ತಾನಾಗಿ ಮೇಲಕ್ಕೆ ಬರುತ್ತಿರುತ್ತದೆ. ಆಗ ಫ್ಯಾನ್ ಹಾಕಿದರೆ ಬೇಗ ಒಣಗುತ್ತದೆ. ಎರಡನೇ ಹಂತದಲ್ಲಿ ಮೇಲ್ಮೈ ಬೆಳ್ಳಗಾಗುತ್ತದೆ. ಒಳಗಿನ ನೀರು ಆವಿಯಾಗಿ, ರಂಧ್ರಗಳಲ್ಲಿ ತೂರಿಕೊಂಡು ಬರಬೇಕು. ಈಗ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಅಷ್ಟೇನೂ ಉಪಯೋಗ ಇಲ್ಲ, ನಿಧಾನ ಆಗುತ್ತಿರುವುದು ಒಳಗೆ. ಈ ಹಂತದಲ್ಲಿ ದಪ್ಪ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಎರಡೂ ಕಡೆಯಿಂದ ಒಣಗುವ ಗೋಡೆಗೂ ಒಂದು ಕಡೆ ಮುಚ್ಚಿದ ಗೋಡೆಗೂ ಅಷ್ಟು ವ್ಯತ್ಯಾಸ ಬರುವುದು ಇದರಿಂದಲೇ. ಹೊರಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿದು, ಒಳಗಡೆಯೂ ಆಯಿಲ್ ಪೇಂಟ್ ಅಥವಾ ಪ್ಲಾಸ್ಟಿಕ್ ವಾಲ್‌ಪೇಪರ್ ಹಾಕಿಬಿಟ್ಟರೆ ನೀರು ನಡುವೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಣ್ಣ ಗುಳ್ಳೆ ಏಳುತ್ತದೆ.

ನೆಲದ ಗಾರೆಗೆ ಬಳಕೆಯಲ್ಲಿರುವ ಲೆಕ್ಕ ಇದು: ಮೊದಲ 50 ಮಿಲಿಮೀಟರ್‌ಗೆ ದಿನಕ್ಕೆ ಒಂದು ಮಿಲಿಮೀಟರ್, ಅದಕ್ಕಿಂತ ಮೇಲಿನ ಪ್ರತಿ ಮಿಲಿಮೀಟರ್‌ಗೆ ಎರಡು ದಿನ. ನನ್ನ 65 ಮಿಲಿಮೀಟರ್ ನೆಲಕ್ಕೆ 50 ಸೇರಿಸು 30, ಒಟ್ಟು 80 ದಿನ. ಈ ಎಣಿಕೆ ಶುರುವಾಗುವುದು ಕ್ಯೂರಿಂಗ್ ಮುಗಿದ ದಿನದಿಂದ, ಗಾರೆ ಹಾಕಿದ ದಿನದಿಂದಲ್ಲ. ಸಿಮೆಂಟ್ 28 ದಿನಕ್ಕೆ ಗಟ್ಟಿಯಾಗುತ್ತದೆ ಅನ್ನುವುದನ್ನು ಕೇಳಿ, 28 ದಿನಕ್ಕೆ ಒಣಗುತ್ತದೆ ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಅದು ಬಲದ ಲೆಕ್ಕ, ಒಣಗುವುದರ ಲೆಕ್ಕವೇ ಬೇರೆ. 150 ಮಿಲಿಮೀಟರ್ ಕಾಂಕ್ರೀಟ್ ಸ್ಲ್ಯಾಬ್ ಒಂದೇ ಕಡೆಯಿಂದ ಒಣಗಬೇಕಾದರೆ ಒಂದು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಕರಣೆಯಲ್ಲಿ ತಿಕ್ಕಿ ಗಾಜಿನ ಹಾಗೆ ನುಣುಪು ಮಾಡಿದ ನೆಲ ಇನ್ನೂ ನಿಧಾನ. ನಡುವೆ ಮಳೆ ನೀರು ಬಿದ್ದರೆ ಎಣಿಕೆ ಮತ್ತೆ ಹಿಂದಕ್ಕೆ ಹೋಗುತ್ತದೆ.

ದಿನದ ಲೆಕ್ಕ ಏನಿದ್ದರೂ ಯಾವಾಗ ಅಳೆಯಲು ಶುರು ಮಾಡಬೇಕು ಅನ್ನುವುದಕ್ಕೆ. ಹಲಗೆ ಕೂರಿಸಬಹುದಾ ಅನ್ನುವುದನ್ನು ಮೀಟರ್ ಹೇಳಬೇಕು.

## ಅಳೆಯುವುದು ಹೇಗೆ

ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಮರುದಿನ ತೆಗೆದು ಬೆವರಿದೆಯಾ ನೋಡುವ ಪದ್ಧತಿ ಎಲ್ಲರಿಗೂ ಗೊತ್ತು. ಬೆವರಿದ್ದರೆ ನೆಲ ಖಂಡಿತ ಒದ್ದೆ. ಬೆವರದಿದ್ದರೆ ಒಣಗಿದೆ ಅಂತ ಅರ್ಥವಲ್ಲ. ಈ ಅರ್ಧ ಸತ್ಯವನ್ನು ನಂಬಿ ಹಾಳಾದ ನೆಲಗಳು ಎಷ್ಟೋ.

ನಾನು ಮಾಡಿದ ಡಬ್ಬಿ ಪರೀಕ್ಷೆ ಅದಕ್ಕಿಂತ ವಾಸಿ. ಮುಚ್ಚಿದ ಡಬ್ಬಿಯ ಗಾಳಿ ನಿಧಾನಕ್ಕೆ ನೆಲದ ತೇವಕ್ಕೆ ಸಮನಾಗುತ್ತದೆ. ಕನಿಷ್ಠ ಮೂರು ದಿನ ಬೇಕು. ದಪ್ಪ ನೆಲಕ್ಕೆ ಇನ್ನೂ ಜಾಸ್ತಿ. ಸತತ ಎರಡು ದಿನ ಒಂದೇ ಸಂಖ್ಯೆ ತೋರಿಸಿದ ಮೇಲೆ ಅದನ್ನು ಬರೆದುಕೊಳ್ಳಿ. ಬಿಸಿಲು ಬೀಳುವ ಜಾಗ ಬೇಡ. ಡಬ್ಬಿಯ ಮೇಲೆ ದಪ್ಪ ಬಟ್ಟೆ ಹೊದಿಸಿ, ಬಿಸಿ ತಣ್ಣಗಾಗುತ್ತಿದ್ದರೆ ಸಂಖ್ಯೆ ಕುಣಿಯುತ್ತದೆ. ಬ್ರಿಟನ್ನಿನ ಮಾನದಂಡದಲ್ಲಿ ಮರದ ನೆಲ ಹಾಕಲು ಈ ಸಂಖ್ಯೆ 75% ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಗ್ಗದ ಮೀಟರುಗಳು ನಾಲ್ಕೈದು ಅಂಕ ತಪ್ಪು ತೋರಿಸುವುದುಂಟು. ಮೊದಲು ಅದನ್ನು ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಕೆಸರಿನಷ್ಟು ಒದ್ದೆ ಮಾಡಿ, ಅದನ್ನೂ ಮೀಟರನ್ನೂ ಒಂದು ಬಿಗಿ ಡಬ್ಬಿಯಲ್ಲಿ ಒಂದು ದಿನ ಇಡಿ. ಸರಿಯಾಗಿದ್ದರೆ 75% ತೋರಿಸಬೇಕು. ನಮಗೆ ಬೇಕಾದ ಸಂಖ್ಯೆಯೂ ಅದೇ ಆಗಿರುವುದು ಒಳ್ಳೆಯ ಕಾಕತಾಳೀಯ.

ವೃತ್ತಿಯವರು ನೆಲದಲ್ಲಿ ರಂಧ್ರ ಕೊರೆದು ಒಳಗೆ ಸೆನ್ಸರ್ ಇಡುತ್ತಾರೆ. ಒಂದೇ ಕಡೆಯಿಂದ ಒಣಗುವ ಸ್ಲ್ಯಾಬ್ ಆದರೆ ದಪ್ಪದ 40% ಆಳಕ್ಕೆ. ಅಷ್ಟೇ ಆಳ ಯಾಕೆ? ಒಣಗುತ್ತಿರುವ ನೆಲದಲ್ಲಿ ಮೇಲೆ ತೇವ ಕಡಿಮೆ, ಕೆಳಗೆ ಜಾಸ್ತಿ. ಮೇಲೆ ಹಲಗೆ ಮುಚ್ಚಿದ ಕೂಡಲೇ ಆವಿ ಹೊರಗೆ ಹೋಗುವುದು ನಿಂತು, ಕೆಳಗಿನ ತೇವ ಮೇಲಕ್ಕೆ ಹರಡಿ ಎಲ್ಲ ಕಡೆ ಸಮನಾಗುತ್ತದೆ. ಹಾಗೆ ಸಮನಾದ ಮೇಲೆ ಹಲಗೆಯ ಕೆಳಗೆ ಎಷ್ಟು ತೇವ ಇರುತ್ತದೋ, ಇವತ್ತು ಆ ಆಳದಲ್ಲಿ ಸುಮಾರು ಅಷ್ಟಿರುತ್ತದೆ. ಅಂದರೆ ಸೆನ್ಸರ್ ತೋರಿಸುವುದು ನಿಮ್ಮ ಹಲಗೆ ಮುಂದೆ ಅನುಭವಿಸಲಿರುವ ತೇವವನ್ನು. ದೊಡ್ಡ ಕೆಲಸ, ದುಬಾರಿ ಮರ ಆದರೆ ಈ ಪರೀಕ್ಷೆ ಮಾಡಿಸಿ. ಮರ ಅಳೆಯುವ ಎರಡು ಮೊಳೆಯ ಮೀಟರನ್ನು ಸಿಮೆಂಟಿಗೆ ಚುಚ್ಚಿ ಬರುವ ಸಂಖ್ಯೆಗೆ ಬೆಲೆ ಕೊಡಬೇಡಿ. ಒಂದು ಜಾಗಕ್ಕಿಂತ ಇನ್ನೊಂದು ಜಾಗ ಒದ್ದೆ ಅಂತ ಹೇಳಲು ಅದು ಸಾಕು, ಅದಕ್ಕಿಂತ ಹೆಚ್ಚಿಗೆ ಇಲ್ಲ.

## ನಾಲ್ಕು ದಾರಿ

ಸುಮ್ನೆ ಕಾಯುವುದು. ನೆಲಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ನಿಧಾನಕ್ಕೆ ಒಣಗಿದ ಗಾರೆ ಬಿರುಕು ಬಿಡುವುದು ಕಡಿಮೆ. ನೆಲ ಒಣಗುವಾಗ ಗೋಡೆಯೂ ಜೊತೆಗೇ ಒಣಗುತ್ತದೆ. ಆದರೆ ಕಾಯುವುದು ಅಂದರೆ ಬೀಗ ಹಾಕಿ ಹೋಗುವುದಲ್ಲ. ಹೊರಗೆ ಒಣ ಗಾಳಿ ಇರುವ ಹೊತ್ತಲ್ಲಿ ಎದುರು ಬದುರು ಕಿಟಕಿ ತೆರೆದು, ಸಂಜೆ ತೇವ ಏರುವಾಗ ಮುಚ್ಚಬೇಕು. ನನ್ನ ಮನೆಯಲ್ಲಿ ಮೂರು ವಾರ ಮಳೆ ಹಿಡಿದು ಎಲ್ಲ ಮುಚ್ಚಿಟ್ಟಾಗ ಡಬ್ಬಿಯೊಳಗಿನ ಸಂಖ್ಯೆ ಒಂದು ಅಂಕವೂ ಇಳಿಯಲಿಲ್ಲ. ಲೆಕ್ಕದ 80ನೇ ದಿನ ನೋಡಿದರೆ 86% ಇತ್ತು.

ಕಾಯುವುದು ವ್ಯರ್ಥ ಆಗುವ ಒಂದು ಸಂದರ್ಭ ಇದೆ. ಮಣ್ಣಿನ ಮೇಲೆ ನೇರವಾಗಿ ಹಾಕಿದ ನೆಲದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಲ್ಲ ಅಂದರೆ ಮೇಲಿಂದ ಹೋದಷ್ಟು ನೀರು ಕೆಳಗಿಂದ ಬರುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಅಳೆದರೂ ಸಂಖ್ಯೆ 85, 90ರ ಹತ್ತಿರ ನಿಂತುಬಿಟ್ಟರೆ ಅನುಮಾನ ಪಡಿ. ಹಾಳೆ ಹಾಸಿದ್ದಾರಾ ಅಂತ ಮೇಸ್ತ್ರಿಯನ್ನು ಕೇಳಬೇಕಾದದ್ದು ನೆಲ ಹಾಕುವ ದಿನವೇ. ಆಮೇಲೆ ಕೇಳಿದರೆ ಎಲ್ಲರೂ "ಹಾಸಿದ್ದೀವಿ" ಅನ್ನುತ್ತಾರೆ.

ಯಂತ್ರ ಇಟ್ಟು ಒಣಗಿಸುವುದು. ಡಿಹ್ಯುಮಿಡಿಫೈಯರ್ ಗಾಳಿಯ ನೀರನ್ನು ತಣ್ಣನೆಯ ಕಾಯಿಲ್ ಮೇಲೆ ಇಳಿಸಿ ಬಕೆಟ್ಟಿಗೆ ತುಂಬುತ್ತದೆ. ಇದನ್ನು ಬಳಸುವಾಗ ಕಿಟಕಿ ಮುಚ್ಚಿರಬೇಕು, ಇಲ್ಲವಾದರೆ ಊರಿನ ಗಾಳಿಯನ್ನೆಲ್ಲ ಒಣಗಿಸುತ್ತಾ ಕೂರುತ್ತೀರಿ. "ದಿನಕ್ಕೆ 20 ಲೀಟರ್" ಅಂತ ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ, 80% ತೇವದಲ್ಲಿ ಅಳೆದ ಲೆಕ್ಕ. ಕೋಣೆ ಒಣಗುತ್ತಾ ಬಂದ ಹಾಗೆ ಬಕೆಟ್ಟಿಗೆ ಬೀಳುವ ನೀರು ಅದರ ಒಂದು ಭಾಗ ಮಾತ್ರ. ಕ್ಯೂರಿಂಗ್ ಮುಗಿದು ಕೆಲವು ವಾರ ಆಗದೆ ಇದನ್ನು ಶುರು ಮಾಡಬೇಡಿ. ಮೇಲ್ಭಾಗ ಬೇಗ ಒಣಗಿ ಕುಗ್ಗಿದರೆ ಗಾರೆ ಬಿರುಕು ಬಿಡುತ್ತದೆ, ಮೂಲೆಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ. ಗ್ಯಾಸ್ ಹೀಟರ್ ಇಟ್ಟು ಒಣಗಿಸುವ ಯೋಚನೆಯಂತೂ ಬೇಡವೇ ಬೇಡ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಿನ ಆವಿ ಹುಟ್ಟಿ ಅದೇ ಕೋಣೆ ಸೇರುತ್ತದೆ. ಹೊಗೆಯ ಅಪಾಯ ಬೇರೆ.

ಯಂತ್ರದ ದೊಡ್ಡ ಮೋಸ ಇನ್ನೊಂದು. ಐದು ವಾರ ಓಡಿಸಿದ ಮೇಲೆ ನನ್ನ ಡಬ್ಬಿ 77% ತೋರಿಸಿತು. ಗೆದ್ದೆ ಅಂದುಕೊಂಡೆ. ಯಂತ್ರ ನಿಲ್ಲಿಸಿ ಒಂದು ವಾರ ಬಿಟ್ಟು ನೋಡಿದರೆ 80%. ಯಂತ್ರ ಮೇಲ್ಭಾಗವನ್ನು ಮುಂದೆ ಓಡಿಸಿತ್ತು, ಕೆಳಗಿನ ತೇವ ಹಿಂದಿಂದ ಬಂದು ಸೇರಿಕೊಂಡಿತು. ಹಾಗಾಗಿ ಯಂತ್ರ ನಿಲ್ಲಿಸಿ ಒಂದು ವಾರ ಆದ ಮೇಲೆ ಅಳೆದದ್ದೇ ನಿಜವಾದ ಸಂಖ್ಯೆ.

ತಡೆ ಬಳಿಯುವುದು. ಎರಡು ಭಾಗ ಬೆರೆಸಿ ಬಳಿಯುವ ಎಪಾಕ್ಸಿ ಲೇಪ, ಸಾಮಾನ್ಯವಾಗಿ ಒಂದರ ಮೇಲೆ ಅಡ್ಡಡ್ಡ ಇನ್ನೊಂದು ಪದರ. ಸಮಯ ಇಲ್ಲದವರಿಗೆ, ಕೆಳಗೆ ಹಾಳೆ ಇಲ್ಲದ ನೆಲಕ್ಕೆ ಇದು ಸರಿಯಾದ ಉತ್ತರ ಆಗಬಹುದು. ಡಬ್ಬದ ಮೇಲೆ ಎಷ್ಟು ತೇವದ ತನಕ ಬಳಿಯಬಹುದು ಅಂತ ಬರೆದಿರುತ್ತದೆ. ಅದನ್ನು ಮೀರಬೇಡಿ. ಬಳಿಯುವ ಮೊದಲು ನೆಲವನ್ನು ಯಂತ್ರದಲ್ಲಿ ಉಜ್ಜಿ, ಮೇಲಿನ ನುಣುಪು ಪೊರೆ ತೆಗೆದು, ಧೂಳು ಪೂರ್ತಿ ಹೀರಿಸಬೇಕು. ಉಜ್ಜದೆ ಬಳಿದ ಲೇಪ ಹಾಳೆಯ ಹಾಗೆ ಎದ್ದು ಬರುತ್ತದೆ. ಗೋಡೆಯ ಅಂಚಲ್ಲಿ, ಪೈಪ್ ಸುತ್ತ ಒಂದು ಬೆರಳಗಲ ಬಿಟ್ಟರೂ ಆವಿ ಅಲ್ಲಿಂದಲೇ ನುಗ್ಗುತ್ತದೆ.

ಇದರ ಮಿತಿಯನ್ನು ಮಾರುವವರು ಹೇಳುವುದಿಲ್ಲ. ಲೇಪ ನೆಲದ ನೀರನ್ನು ತಡೆಯುತ್ತದೆ, ಗೋಡೆಯ ನೀರನ್ನಲ್ಲ. ಗೋಡೆ ಇನ್ನೂ ಒದ್ದೆ ಇರುವಾಗ ಕೋಣೆಯ ಗಾಳಿ ದಿನವಿಡೀ 80% ಇದ್ದರೆ ಮರ ಮೇಲಿಂದ ತೇವ ಕುಡಿಯುತ್ತದೆ. ತಡೆ ಬಳಿದೂ ನೆಲ ಉಬ್ಬಿದ ಮನೆಗಳಲ್ಲಿ ಹಲವು ಸಲ ಆಗಿರುವುದು ಇದೇ. ನಾನು ಇದನ್ನು ಬಳಿಯದಿದ್ದದ್ದಕ್ಕೆ ಕಾರಣವೂ ಅದೇ, ಗೋಡೆಗೋಸ್ಕರ ಹೇಗೂ ಕಾಯಲೇಬೇಕಿತ್ತು.

ಬೇರೆ ನೆಲ. ಮರವೇ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ವಿನೈಲ್ ಹಲಗೆ ತಾನು ಉಬ್ಬುವುದಿಲ್ಲ. ಆದರೆ ಕೆಳಗಿನ ನೀರನ್ನು ಮುಚ್ಚಿಡುತ್ತದೆ. ಅಂಟಿಸಿದ್ದರೆ ಸಿಮೆಂಟಿನ ಕ್ಷಾರ ತುಂಬಿದ ನೀರು ಅಂಟನ್ನು ತಿನ್ನುತ್ತದೆ. ಲ್ಯಾಮಿನೇಟ್ ಮರದ ಪುಡಿ ಒತ್ತಿ ಮಾಡಿದ್ದು, ಅಂಚು ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಹೊಸ ಮನೆಗೆ ಕಾಯುವ ಗೋಜೇ ಬೇಡ ಅಂದರೆ ಸೆರಾಮಿಕ್ ಟೈಲ್ ಒಳ್ಳೆಯದು ಅಂತ ನೇರವಾಗಿ ಹೇಳಿಬಿಡುತ್ತೇನೆ.

## ಗಟ್ಟಿ ಮರವಾ, ಎಂಜಿನಿಯರ್ಡ್ ಹಲಗೆಯಾ?

ಮರ ತನ್ನ ಸುತ್ತಲಿನ ಗಾಳಿಗೆ ತಕ್ಕ ಹಾಗೆ ನೀರು ಇಟ್ಟುಕೊಳ್ಳುತ್ತದೆ. ಗಾಳಿಯಲ್ಲಿ 50% ತೇವ ಇದ್ದರೆ ಮರದ ತೂಕದ ಸುಮಾರು 9%, ಗಾಳಿ 65% ಆದರೆ 12%, 80% ಆದರೆ 16%. ನೀರು ಏರಿದ ಹಾಗೆ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಅಲ್ಲ.

ಓಕ್ ಮರದ 100 ಮಿಲಿಮೀಟರ್ ಅಗಲದ ಹಲಗೆ ತನ್ನೊಳಗಿನ ತೇವ ಒಂದು ಶೇಕಡಾ ಏರಿದರೆ ಸುಮಾರು 0.37 ಮಿಲಿಮೀಟರ್ ಹಿಗ್ಗುತ್ತದೆ. 9% ಇದ್ದದ್ದು 12% ಆದರೆ ಒಂದು ಹಲಗೆಗೆ 1.1 ಮಿಲಿಮೀಟರ್. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮೂರು ಮೀಟರ್ ಅಗಲದ ಕೋಣೆಯಲ್ಲಿ ಅಂಥ 30 ಹಲಗೆ ಇರುತ್ತವೆ. ಒಟ್ಟು 33 ಮಿಲಿಮೀಟರ್! ಎರಡೂ ಗೋಡೆಯ ಹತ್ತಿರ 12 ಮಿಲಿಮೀಟರ್ ಸಂದು ಬಿಟ್ಟಿದ್ದರೂ ಸಾಲುವುದಿಲ್ಲ. ಅಂಟು, ಮೊಳೆ ಸ್ವಲ್ಪ ಹಿಡಿದುಕೊಳ್ಳುತ್ತವೆ, ಆಮೇಲೆ ನೆಲ ನಡುವಲ್ಲಿ ಡೇರೆಯ ಹಾಗೆ ಏಳುತ್ತದೆ. ತೇಗದ ಹಲಗೆ ಇದರ ಸುಮಾರು ಅರ್ಧದಷ್ಟೇ ಹಿಗ್ಗುತ್ತದೆ. ತೇಗಕ್ಕೆ ಇರುವ ಹೆಸರು ಬರೀ ಬಾಳಿಕೆಯಿಂದ ಬಂದದ್ದಲ್ಲ.

ಎಂಜಿನಿಯರ್ಡ್ ಹಲಗೆಯಲ್ಲಿ ಮೇಲೆ ಕೆಲವು ಮಿಲಿಮೀಟರ್ ನಿಜವಾದ ಮರ, ಕೆಳಗೆ ಪ್ಲೈವುಡ್‌ನ ಹಾಗೆ ಅಡ್ಡಡ್ಡ ಎಳೆಯ ಪದರಗಳು. ಒಂದು ಪದರ ಹಿಗ್ಗಲು ನೋಡಿದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಸಿಮೆಂಟ್ ನೆಲದ ಮೇಲೆ, ಅದೂ ಹೊಸ ಮನೆಯಲ್ಲಿ, ನಾನು ಇದನ್ನೇ ಆರಿಸುತ್ತೇನೆ. ಅಂಟಿಸದೆ, ಕೆಳಗೆ 200 ಮೈಕ್ರಾನ್ ಪಾಲಿಥೀನ್ ಹಾಳೆ ಮತ್ತು ಫೋಮ್ ಹಾಸಿ, ಒಂದಕ್ಕೊಂದು ಕೊಂಡಿ ಹಾಕಿ ತೇಲುವ ನೆಲ ಮಾಡಿದರೆ ಮುಂದೆ ಏನಾದರೂ ಆದಾಗ ಬಿಚ್ಚಲೂಬಹುದು. ಹಾಳೆಯ ಅಂಚುಗಳು 20 ಸೆಂಟಿಮೀಟರ್ ಒಂದರ ಮೇಲೊಂದು ಬಂದು ಟೇಪ್ ಆಗಿರಲಿ. ಈ ಹಾಳೆ ಇದೆ ಅಂತ 90% ತೇವದ ನೆಲದ ಮೇಲೆ ಹಾಸಲು ಹೋಗಬೇಡಿ. ಅದು ಉಳಿದ ಸ್ವಲ್ಪ ತೇವಕ್ಕೆ ಮಾತ್ರ.

ಗಟ್ಟಿ ಮರವೇ ಬೇಕಾದರೆ ಕಿರಿದಾದ ಹಲಗೆ ಆರಿಸಿ. ಕೋಣೆಯ ಗಾಳಿ ವರ್ಷವಿಡೀ ಒಂದು ಹಿಡಿತದಲ್ಲಿ ಇರುತ್ತದಾ ಅಂತಲೂ ಯೋಚಿಸಿ.

## ಹಲಗೆ ಯಾವಾಗ ಒಳಗೆ ತರಬೇಕು

ನೀರು ಸೇರುವ ಕೆಲಸ ಎಲ್ಲ ಮುಗಿದ ಮೇಲೆ. ಪ್ಲಾಸ್ಟರಿಂಗ್, ಟೈಲ್, ಪುಟ್ಟಿ, ಪ್ರೈಮರ್, ನೀರಿನ ಬಣ್ಣದ ಎರಡೂ ಕೋಟ್, ಎಲ್ಲವೂ. ಒಂದು ಮನೆಗೆ ಬಳಿಯುವ ಬಣ್ಣದಿಂದಲೇ ಎಷ್ಟೋ ಲೀಟರ್ ನೀರು ಗಾಳಿಗೆ ಸೇರುತ್ತದೆ. "ಹಲಗೆ ಮನೆಗೆ ಒಗ್ಗಿಕೊಳ್ಳಲಿ" ಅಂತ ಒದ್ದೆ ಮನೆಯೊಳಗೆ ತಿಂಗಳುಗಟ್ಟಲೆ ಇಡುವವರಿದ್ದಾರೆ. ಮರ ಒಗ್ಗಿಕೊಳ್ಳುತ್ತದೆ, ಹೌದು, ಆದರೆ ಒದ್ದೆ ಮನೆಗೆ. ಉಬ್ಬಿದ ಹಲಗೆಯನ್ನು ಬಿಗಿಯಾಗಿ ಕೂರಿಸುತ್ತೀರಿ, ಮನೆ ಒಣಗಿದ ಮೇಲೆ ಅದು ಕುಗ್ಗಿ ಸಂದು ಬಿಡುತ್ತದೆ. ಮೊದಲು ಮನೆ ವಾಸದ ಸ್ಥಿತಿಗೆ ಬರಬೇಕು. ಆಮೇಲೆ ಹಲಗೆ ತಂದು, ಕಟ್ಟು ಬಿಚ್ಚಿ, ನಡುವೆ ಗಾಳಿ ಆಡುವ ಹಾಗೆ ಜೋಡಿಸಿ. ಎಂಜಿನಿಯರ್ಡ್ ಹಲಗೆಯಾದರೆ ತಯಾರಕರು ಕಟ್ಟು ಬಿಚ್ಚಬಾರದು ಅಂದಿದ್ದರೆ ಹಾಗೇ ಮಾಡಿ. ಎಷ್ಟು ದಿನ ಅಂತ ಕೇಳಬೇಡಿ. ಎರಡು ಮೊಳೆಯ ಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇರೆ ಬೇರೆ ಹಲಗೆ ಅಳೆದಾಗ ಸಂಖ್ಯೆ ಬದಲಾಗುವುದು ನಿಂತಿದ್ದರೆ ಮರ ಸಿದ್ಧ.

ನನ್ನ ನೆಲ 75% ಕೆಳಗೆ ಇಳಿದದ್ದು ಕ್ಯೂರಿಂಗ್ ಮುಗಿದ 140ನೇ ದಿನ, 74%. ಅಷ್ಟೊತ್ತಿಗೆ ಗೋಡೆಗೆ ಬಣ್ಣ ಆಗಿ ಒಂದು ತಿಂಗಳು ಕಳೆದಿತ್ತು, ಕೋಣೆಯ ಗಾಳಿ 55ರಿಂದ 60ರ ನಡುವೆ ಓಡಾಡುತ್ತಿತ್ತು. ಆ ವಾರವೇ ಹಲಗೆ ತರಿಸಿದೆ. ಬಡಗಿ ಹೇಳಿದ ದಿನಕ್ಕಿಂತ ಮೂರು ತಿಂಗಳು ತಡ.

ನಿಮ್ಮ ಸಂಖ್ಯೆ 78, 80ರ ಹತ್ತಿರ ಬಂದು ಇನ್ನೂ ಇಳಿಯುತ್ತಿದ್ದರೆ ಕಾಯಿರಿ, ಬೇರೇನೂ ಮಾಡಬೇಡಿ. 85ರ ಮೇಲೆ ಇದ್ದು, ಹೊರಗೆ ಮಳೆಗಾಲವಾಗಿದ್ದರೆ ಯಂತ್ರ ಇಡಿ. ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದು ಗೋಡೆ ಮಾತ್ರ ಒಣಗಿದ್ದರೆ ಲೇಪದ ಬಗ್ಗೆ ವಿಚಾರಿಸಿ. ಗೋಡೆಯೂ ಒದ್ದೆ, ನೆಲವೂ ಒದ್ದೆ, ಮುಂದಿನ ತಿಂಗಳು ಮನೆ ಸೇರಲೇಬೇಕು ಅಂದರೆ, ಸದ್ಯಕ್ಕೆ ಬರಿ ಸಿಮೆಂಟ್ ನೆಲದ ಮೇಲೆ ಗಾಳಿಯಾಡುವ ಚಾಪೆ ಹಾಸಿಕೊಂಡು ಬದುಕಿ. ಆರು ತಿಂಗಳು ಬಿಟ್ಟು ಹಲಗೆ ಹಾಕಿಸಿ. ಬೀರುಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.

## ಆಗಲೇ ಹಾಕಿ ಕೆಟ್ಟಿದ್ದರೆ

ಪ್ರತಿ ಹಲಗೆಯ ಅಂಚು ಎದ್ದು ನಡು ತಗ್ಗಿದ್ದರೆ ಅದು ಕೆಳಗಿಂದ ತೇವ ಕುಡಿದ ಗುರುತು. ಸಂಜೆ ದೀಪ ಹಚ್ಚಿ, ನೆಲದ ಮಟ್ಟಕ್ಕೆ ಬಗ್ಗಿ ಬೆಳಕಿನ ಎದುರು ನೋಡಿದರೆ ಅಲೆ ಅಲೆಯಾಗಿ ಕಾಣುತ್ತದೆ. ಆಗ ಎಲ್ಲರಿಗೂ ಹೊಳೆಯುವುದು ಉಜ್ಜಿ ಮಟ್ಟ ಮಾಡಿಸೋಣ ಅಂತ. ಈಗಲೇ ಉಜ್ಜಿಸಿದರೆ ಎದ್ದ ಅಂಚು ಸವೆದು ಹೋಗುತ್ತದೆ. ಮುಂದೆ ಮರ ಒಣಗಿ ನೆಟ್ಟಗಾದಾಗ ಅದೇ ಅಂಚು ತಗ್ಗಾಗಿ, ನಡು ಉಬ್ಬಾಗಿ ನಿಲ್ಲುತ್ತದೆ, ಅದನ್ನು ಸರಿ ಮಾಡಲು ಇನ್ನೊಮ್ಮೆ ಮರ ಸವೆಸಬೇಕು. ಮೊದಲು ಸ್ಕರ್ಟಿಂಗ್ ಬಿಚ್ಚಿ ಗೋಡೆಯ ಹತ್ತಿರದ ಸಂದಿನಲ್ಲಿ ಗಾಳಿ ಆಡಲು ಬಿಡಿ. ತೇವ ಎಲ್ಲಿಂದ ಬಂತು ಅಂತ ಹುಡುಕಿ. ಹಲಗೆಯ ಮೇಲ್ಮೈಯನ್ನೂ, ಉದ್ದ ಮೊಳೆಯ ಮೀಟರಿನಲ್ಲಿ ತಳಭಾಗವನ್ನೂ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಎರಡೂ ಸಂಖ್ಯೆ ಹತ್ತಿರ ಬಂದು ನಿಂತ ಮೇಲೆ, ಇನ್ನೂ ಅಂಚು ಕಾಲಿಗೆ ತಾಗುತ್ತಿದ್ದರೆ ಮಾತ್ರ, ಉಜ್ಜುವವರನ್ನು ಕರೆಯಿರಿ.